ಕೊನೆಯ ಹತ್ತು ಅಂಕದ ಪ್ರಶ್ನೆಗೆ ಸಮಯ ಎಲ್ಲಿಂದ ತರುವುದು?

ಪ್ರಶ್ನೆ: ನಮ್ಮದು ಮೂರು ಗಂಟೆಯ ನೂರು ಅಂಕದ ಪೇಪರ್. ಒಂದು ಅಂಕದ್ದು 20, ಎರಡು ಅಂಕದ್ದು 10, ಐದು ಅಂಕದ್ದು 6, ಹತ್ತು ಅಂಕದ್ದು 3 ಪ್ರಶ್ನೆ. ಉತ್ತರ ಗೊತ್ತಿದ್ರೂ ಕೊನೆಯ ಹತ್ತು ಅಂಕದ ಪ್ರಶ್ನೆ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತೆ. ಬರೆದದ್ದನ್ನ ತಿರುಗಿ ನೋಡೋಕೆ ಒಂದು ನಿಮಿಷಾನೂ ಸಿಗಲ್ಲ. ಹೇಗೆ ಹಂಚಿಕೊಳ್ಳಲಿ?

ಉತ್ತರ: ಮೊದಲು ಬರೆಯುವುದಕ್ಕಲ್ಲದ ಸಮಯವನ್ನು ಎತ್ತಿಡಿ. ಪ್ರಶ್ನೆಪತ್ರಿಕೆ ಓದಲು 10 ನಿಮಿಷ, ಕೊನೆಯಲ್ಲಿ ತಿರುಗಿ ನೋಡಲು 15. ಉಳಿಯುವುದು 155 ನಿಮಿಷ, ಅಂದರೆ ಅಂಕಕ್ಕೆ ಸುಮಾರು ಒಂದೂವರೆ ನಿಮಿಷ. ಆದರೆ ಎಲ್ಲ ವಿಭಾಗಕ್ಕೂ ಇದೇ ಲೆಕ್ಕ ಹಾಕಬೇಡಿ. ಒಂದು ಅಂಕದ ಪ್ರಶ್ನೆಗೆ ಒಂದು ನಿಮಿಷ ಸಾಕು. ಅಲ್ಲಿ ಉಳಿದದ್ದು ದೊಡ್ಡ ಉತ್ತರಗಳಿಗೆ ಬೇಕಾಗುತ್ತದೆ.

ನಿಮ್ಮ ಪೇಪರಿಗೆ ಹೀಗೆ ಹಂಚಬಹುದು: ಒಂದು ಅಂಕದವಕ್ಕೆ ಒಟ್ಟು 20 ನಿಮಿಷ, ಎರಡು ಅಂಕದವಕ್ಕೆ ತಲಾ ಮೂರರಂತೆ 30, ಐದು ಅಂಕದವಕ್ಕೆ ತಲಾ ಎಂಟರಂತೆ 48, ಹತ್ತು ಅಂಕದವಕ್ಕೆ ತಲಾ ಹದಿನೇಳರಂತೆ 51. ಇನ್ನೂ 6 ನಿಮಿಷ ಮಿಗುತ್ತದೆ. ಹೆಚ್ಚುವರಿ ಹಾಳೆ ಕೇಳಿ ಪಡೆಯುವುದು, ಹಾಳೆ ಕಟ್ಟುವುದು, ಪೆನ್ ಬದಲಿಸುವುದು ಎಲ್ಲವೂ ಅದರಲ್ಲೇ ಆಗಬೇಕು.

ಪರೀಕ್ಷೆಯ ನಡುವೆ ‘ಎಷ್ಟು ನಿಮಿಷವಾಯಿತು’ ಎಂದು ಯಾರೂ ಎಣಿಸಲಾರರು, ಆದ್ದರಿಂದ ಈ ನಿಮಿಷಗಳನ್ನು ಗಡಿಯಾರದ ಗಂಟೆಗೆ ಇಳಿಸಿಕೊಳ್ಳಿ. ಪರೀಕ್ಷೆ 10ಕ್ಕೆ ಶುರುವಾದರೆ ಬರವಣಿಗೆ 10.10ಕ್ಕೆ. ಒಂದು ಅಂಕದವು 10.30ಕ್ಕೆ ಮುಗಿಯಬೇಕು, ಎರಡು ಅಂಕದವು 11ಕ್ಕೆ, ಐದು ಅಂಕದವು 11.48ಕ್ಕೆ, ಹತ್ತು ಅಂಕದವು 12.39ಕ್ಕೆ. ಏನೇ ಆದರೂ 12.45ಕ್ಕೆ ಬರವಣಿಗೆ ನಿಲ್ಲಬೇಕು. ಕಚ್ಚಾ ಕೆಲಸಕ್ಕೆ ಅವಕಾಶವಿರುವ ಪುಟದಲ್ಲಿ ಈ ಐದು ಸಮಯಗಳನ್ನು ಬರೆದಿಟ್ಟುಕೊಳ್ಳಿ.

ನಿಮ್ಮ ಸಮಯ ಸೋರುತ್ತಿರುವುದು ಹೆಚ್ಚಾಗಿ ಎರಡು ಅಂಕದ ಪ್ರಶ್ನೆಗಳಲ್ಲಿ. ಉತ್ತರ ಚೆನ್ನಾಗಿ ಗೊತ್ತಿರುವುದೇ ಅಲ್ಲಿ ತೊಂದರೆ. ಎರಡು ಅಂಶ ಕೇಳಿದ ಕಡೆ ಪೀಠಿಕೆ, ಉದಾಹರಣೆ ಎಲ್ಲ ಸೇರಿ ಅರ್ಧ ಪುಟವಾಗುತ್ತದೆ, ಮೂರು ನಿಮಿಷದ ಕೆಲಸ ಐದಕ್ಕೆ ಹೋಗುತ್ತದೆ. ಹತ್ತು ಪ್ರಶ್ನೆಗೆ ಹೀಗೆ 20 ನಿಮಿಷ ಹೆಚ್ಚಾದರೆ ಒಂದು ಇಡೀ ಹತ್ತು ಅಂಕದ ಉತ್ತರ ಕೈಬಿಟ್ಟಂತೆ. ಎರಡು ಅಂಕಕ್ಕೆ ಎಷ್ಟು ಬರೆದರೂ ಮೂರನೆಯ ಅಂಕ ಬರುವುದಿಲ್ಲ. ಹಳೆಯ ಉತ್ತರಪತ್ರಿಕೆ ಸಿಕ್ಕರೆ ಎರಡು ಅಂಕದ ಉತ್ತರಗಳ ಸಾಲು ಎಣಿಸಿ ನೋಡಿ, ಸೋರಿಕೆ ಅಲ್ಲೇ ಕಾಣುತ್ತದೆ.

ಒಂದು ಉತ್ತರ ನೆನಪಾಗದೆ ಸಿಕ್ಕಿಕೊಂಡರೆ ಅದರ ಪಾಲಿನ ನಿಮಿಷ ಮುಗಿದ ಕೂಡಲೇ ಜಾಗ ಬಿಟ್ಟು ಮುಂದೆ ಹೋಗಿ. ದೊಡ್ಡ ಉತ್ತರದಲ್ಲಿ ಮೊದಲ ಕೆಲವು ಅಂಕ ಬೇಗ ಬರುತ್ತವೆ: ವ್ಯಾಖ್ಯೆ, ಚಿತ್ರ, ಮುಖ್ಯ ಅಂಶಗಳು. ಕೊನೆಯ ಒಂದೆರಡು ಅಂಕಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಹಾಗಾಗಿ ಎರಡು ಹತ್ತು ಅಂಕದ ಉತ್ತರ ಪೂರ್ತಿ ಬರೆದು ಮೂರನೆಯದನ್ನು ಖಾಲಿ ಬಿಡುವುದಕ್ಕಿಂತ ಮೂರನ್ನೂ ಮುಕ್ಕಾಲು ಬರೆಯುವುದೇ ಲಾಭ.

ಅರ್ಧ ದಾರಿಯಲ್ಲಿ ಒಮ್ಮೆ ಗಡಿಯಾರ ನೋಡಿ. 11.30ರ ಹೊತ್ತಿಗೆ ಐದು ಅಂಕದ ನಾಲ್ಕನೆಯ ಉತ್ತರ ಮುಗಿಯುತ್ತಿರಬೇಕು, ಅಂದರೆ ಸುಮಾರು 60 ಅಂಕದಷ್ಟು ಬರೆದಿರಬೇಕು. ಅದಕ್ಕೂ ಮೊದಲೇ, 11ಕ್ಕೇ, ಹತ್ತು ನಿಮಿಷ ಹಿಂದೆ ಬಿದ್ದಿದ್ದೀರಿ ಎಂದುಕೊಳ್ಳಿ. ಮಿಗಿಸಿದ 6 ನಿಮಿಷ ಅದಕ್ಕೆ ಹೋಗಲಿ. ಉಳಿದ ನಾಲ್ಕನ್ನು ಐದು ಅಂಕದ ಆರು ಉತ್ತರಗಳಲ್ಲಿ ಒಂದೆರಡು ವಾಕ್ಯ ಕಡಿಮೆ ಮಾಡಿ ತುಂಬಿಕೊಳ್ಳಿ. ಕೊನೆಯ 15 ನಿಮಿಷಕ್ಕೆ ಮಾತ್ರ ಕೈ ಹಾಕಬೇಡಿ.

ಆ 15 ನಿಮಿಷದಲ್ಲಿ ಎಲ್ಲವನ್ನೂ ಮೊದಲಿನಿಂದ ಓದಲು ಕೂರಬೇಡಿ, ಮೂರನೆಯ ಪುಟಕ್ಕೇ ಸಮಯ ಮುಗಿದಿರುತ್ತದೆ. ಮೊದಲ ಐದು ನಿಮಿಷ ಪ್ರಶ್ನೆಪತ್ರಿಕೆ ಪಕ್ಕದಲ್ಲಿಟ್ಟು ಸಂಖ್ಯೆಗಳನ್ನಷ್ಟೇ ಹೋಲಿಸಿ: ಉತ್ತರದ ಸಂಖ್ಯೆ ಸರಿಯಿದೆಯೇ, ‘ಅ’ ಬರೆದು ‘ಆ’ ಬಿಟ್ಟಿದೆಯೇ, ಹೆಚ್ಚುವರಿ ಹಾಳೆ ಕ್ರಮದಲ್ಲಿದೆಯೇ. ಆಮೇಲೆ ಜಾಗ ಬಿಟ್ಟ ಪ್ರಶ್ನೆಗಳಿಗೆ ಹೋಗಿ. ಕೊನೆಗೆ ಲೆಕ್ಕಗಳ ಚಿಹ್ನೆ, ಮಾನ, ಚಿತ್ರಗಳ ಹೆಸರು. ಒಂದು ಅಂಕದ ಪ್ರಶ್ನೆಯ ಉತ್ತರವನ್ನು ತಪ್ಪೆಂದು ಖಚಿತ ಕಾರಣ ಕಾಣದೆ ಬದಲಿಸಬೇಡಿ.

ಪರೀಕ್ಷೆಗೆ ಮೊದಲು ಒಂದು ಹತ್ತು ಅಂಕದ ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿ. 17 ನಿಮಿಷದಲ್ಲಿ ನಿಮ್ಮ ಕೈಗೆ ಎಷ್ಟು ಸಾಲು ಸಾಧ್ಯವೋ ಅಷ್ಟೇ ಉದ್ದಕ್ಕೆ ಉಳಿದ ದೊಡ್ಡ ಉತ್ತರಗಳನ್ನೂ ಕತ್ತರಿಸಿ ಅಭ್ಯಾಸ ಮಾಡಿ.