ಕೈಸಾಲದ ಒಂದು ಸುಳ್ಳು, ಬೆಂಥಮ್ ಮತ್ತು ಕಾಂಟ್

"ಬಿಎ ಎರಡನೇ ವರ್ಷ, ತತ್ತ್ವಶಾಸ್ತ್ರ. ಉಪಯುಕ್ತತಾವಾದ, ಕರ್ತವ್ಯವಾದ ಎರಡರ ಸಾರಾಂಶವನ್ನು ದಿನಬಳಕೆಯ ಉದಾಹರಣೆಗಳ ಜೊತೆ ಎರಡು ಪುಟದಲ್ಲಿ ಬರೆಯಬೇಕು, ಕೊನೆಗೆ ಪುಟ್ಟ ಪದಕೋಶವೂ ಇರಬೇಕು. ಟ್ರಾಲಿ ಸಮಸ್ಯೆಯಿಂದ ಶುರು ಮಾಡಲೇ?"

ಐವರನ್ನು ಉಳಿಸಲು ಹಳಿಯ ಮೇಲಿನ ಗಾಡಿಯನ್ನು ಒಬ್ಬನತ್ತ ತಿರುಗಿಸಬಹುದೇ ಎನ್ನುವ ಆ ಟ್ರಾಲಿ ಒಗಟು ಬೇಡ. ನಾನೂ ಅಲ್ಲಿಂದಲೇ ಶುರು ಮಾಡಿ ಕೆಟ್ಟವನು. 1967ರಲ್ಲಿ ತತ್ತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ ಅದನ್ನು ತಂದದ್ದು ಗರ್ಭಪಾತದ ಚರ್ಚೆಗಾಗಿ. ಅದರಲ್ಲಿ ಯಾರು ಸಾಯುತ್ತಾರೆ, ಎಷ್ಟು ಜನ ಅನ್ನುವುದೆಲ್ಲ ಮೊದಲೇ ಗೊತ್ತು. ನಿಜ ಬದುಕಿನಲ್ಲಿ ಗೊತ್ತಿರದೇ ಇರುವುದೇ ಅದು, ಫಲ ಎಣಿಸಿ ಸರಿತಪ್ಪು ಹೇಳುವ ಉಪಯುಕ್ತತಾವಾದಿಗೆ ತಲೆನೋವು ತರುವುದೂ ಅದೇ. ಉದಾಹರಣೆಗಳ ರಾಶಿಯೂ ಬೇಡ. ಒಂದನ್ನೇ ಹಿಡಿದು ಎರಡೂ ಕಡೆಯಿಂದ ನೋಡಿ.

ಕರ್ತವ್ಯವಾದದ ಕಾಂಟ್ 1785ರಲ್ಲಿ ತಾನೇ ಕೊಟ್ಟದ್ದು ನಮಗೂ ಒಗ್ಗುತ್ತದೆ: ಕೈಸಾಲ. ಅಮ್ಮನ ಔಷಧಿಗೆ 5,000 ರೂಪಾಯಿ ಬೇಕು. ವಾಪಸ್ ಕೊಡಲು ಆಗುವುದಿಲ್ಲ ಎಂದು ಗೊತ್ತಿದ್ದೂ ಗೆಳೆಯನಿಗೆ "ಮುಂದಿನ ತಿಂಗಳು ಖಂಡಿತ ಕೊಡ್ತೀನಿ ಮಾರಾಯ" ಅನ್ನಬಹುದೇ?

ಉಪಯುಕ್ತತಾವಾದದ ಬೆಂಥಮ್ 1789ರಲ್ಲಿ ಸುಖದುಃಖ ಅಳೆಯಲು ಏಳು ಅಳತೆ ಕೊಟ್ಟ. ಏಳನ್ನೂ ಒಪ್ಪಿಸಬೇಡಿ, ಇಲ್ಲಿಗೆ ಮೂರು ಸಾಕು: ತೀವ್ರತೆ, ಖಚಿತತೆ, ವ್ಯಾಪ್ತಿ. ಗೆಳೆಯನ ಖಾತೆಯಲ್ಲಿ 40,000 ಇದ್ದರೆ ಅವನ ನೋವು ಸಣ್ಣದು, ಅಮ್ಮನ ಉಪಶಮನ ದೊಡ್ಡದು. ಆದರೆ ಔಷಧಿ ಫಲ ಕೊಡುವುದು ಎಷ್ಟು ಖಚಿತ? ಸುಳ್ಳು ಬಯಲಾದ ಮೇಲೆ ಆ ಗೆಳೆಯ ನಿಜವಾಗಿ ಕಷ್ಟದಲ್ಲಿರುವ ಇನ್ನೊಬ್ಬನಿಗೂ ಇಲ್ಲ ಅಂದರೆ? ಅದೂ ಲೆಕ್ಕಕ್ಕೆ ಸೇರಬೇಕು. ಈಗ ಖಾತೆಯಲ್ಲಿ ಇರುವುದೇ 6,000, ನಾಳೆ ಮನೆ ಬಾಡಿಗೆ ಕಟ್ಟಬೇಕು ಅಂದುಕೊಳ್ಳಿ. ಸುಳ್ಳು ಅದೇ, ತೀರ್ಪು ತಿರುಗಿತು. ಅಂಕಿ ಬದಲಾದರೆ ತೀರ್ಪು ಬದಲಾಗುವುದೇ ಈ ವಾದದ ಗುರುತು. ಇದನ್ನು ತೋರಿಸದಿದ್ದರೆ ನೀವು ಬೆಂಥಮ್‌ನನ್ನು ವಿವರಿಸಿದಂತಾಗುವುದಿಲ್ಲ.

ಇನ್ನು ಕಾಂಟ್. ನನ್ನ ಅಂಕ ಹೋದದ್ದು ಇಲ್ಲೇ. "ಎಲ್ಲರೂ ಹೀಗೆ ಸುಳ್ಳು ಹೇಳಿದರೆ ನಂಬಿಕೆ ಹಾಳಾಗಿ ಜನ ಕಷ್ಟಪಡುತ್ತಾರೆ, ಆದ್ದರಿಂದ ತಪ್ಪು" ಎಂದು ಬರೆದಿದ್ದೆ. ನೋಡಲು ಸರಿಯಾಗಿಯೇ ಇದೆ, ಗೈಡ್ ಪುಸ್ತಕದ ಧಾಟಿಯೂ ಹೌದು. ಆದರೆ "ಕಷ್ಟಪಡುತ್ತಾರೆ" ಎಂದ ಕೂಡಲೇ ನಾನು ಮತ್ತೆ ಫಲವನ್ನು ಎಣಿಸಲು ಕೂತಿದ್ದೆ, ಅಂದರೆ ಕಾಂಟ್ ಹೆಸರಲ್ಲಿ ಬೆಂಥಮ್ ಮಾತು.

ಕಾಂಟ್ ಕೇಳುವುದು ಬೇರೆ. ನಿಮ್ಮ ಸೂತ್ರ ಇದು: "ದುಡ್ಡು ಬೇಕಾದಾಗ, ತೀರಿಸಲಾರೆ ಎಂದು ಗೊತ್ತಿದ್ದೂ ತೀರಿಸುವ ಮಾತು ಕೊಟ್ಟು ಸಾಲ ಪಡೆಯುತ್ತೇನೆ." ಇದು ಎಲ್ಲರಿಗೂ ನಿಯಮವಾದರೆ "ಕೊಡ್ತೀನಿ" ಅನ್ನುವುದನ್ನು ಯಾರೂ ಮಾತು ಕೊಟ್ಟದ್ದೆಂದು ಎಣಿಸುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಆಗ ನಿಮ್ಮ ಸುಳ್ಳಿನಿಂದ ಸಾಲವೇ ಹುಟ್ಟುವುದಿಲ್ಲ. ಎಲ್ಲರಿಗೂ ನಿಯಮವಾಗಲಿ, ನನಗೆ ಮಾತ್ರ ಸಾಲ ಸಿಗಲಿ ಎಂದು ಒಟ್ಟಿಗೆ ಬಯಸಲು ಆಗದು. ತಪ್ಪು ಇರುವುದು ಆ ವಿರೋಧದಲ್ಲಿ. ಆ ಲೋಕದಲ್ಲಿ ಜನ ಸುಖವಾಗಿದ್ದಾರೋ ದುಃಖದಲ್ಲಿದ್ದಾರೋ ಅನ್ನುವುದು ಪ್ರಶ್ನೆಯೇ ಅಲ್ಲ.

ಪರೀಕ್ಷಿಸುವ ಬಗೆ ಸುಲಭ. ನೀವು ಬರೆದ ಪ್ಯಾರಾದಲ್ಲಿ ನೋವು, ನಷ್ಟ, ಕಷ್ಟ, ಸಮಾಜ ಕೆಡುತ್ತದೆ ಎಂಬ ಮಾತುಗಳನ್ನೆಲ್ಲ ಹೊಡೆದುಹಾಕಿ. ವಾದ ಆಮೇಲೂ ನಿಂತರೆ ಅದು ಕಾಂಟ್. ಕುಸಿದರೆ ತಿದ್ದಿ ಬರೆಯಿರಿ.

ಸಾಲ ಕೊಟ್ಟವನ ಕಡೆಯಿಂದಲೂ ಒಂದು ಸಾಲು ಇರಲಿ. ನಿಮ್ಮ ನಿಜವಾದ ಉದ್ದೇಶ ಅವನಿಗೆ ಗೊತ್ತಿಲ್ಲ, ಹಾಗಾಗಿ ಅದಕ್ಕೆ ಅವನು ಒಪ್ಪುವ ಮಾತೇ ಇಲ್ಲ. ಅವನು ಬರೀ ಸಾಧನವಾದ. ಆ "ಬರೀ" ಬಿಟ್ಟರೆ ಅರ್ಥ ಕೆಡುತ್ತದೆ. ಬಸ್ ಕಂಡಕ್ಟರ್‌ನಿಂದಲೂ ನಾವು ಕೆಲಸ ಪಡೆಯುತ್ತೇವೆ, ಆದರೆ ಆತ ತಿಳಿದು ಒಪ್ಪಿ ಮಾಡುವ ಕೆಲಸ ಅದು.

"ಯಾವುದು ಸರಿ" ಎಂಬ ತೀರ್ಪು ಎರಡು ಪುಟದಲ್ಲಿ ಬೇಡ, ಯಾರೂ ಕೇಳಿಲ್ಲ.

ಪದಕೋಶಕ್ಕೆ ನಾಲ್ಕೇ ಪದ ಸಾಕು, ಒಂದೊಂದಕ್ಕೂ ಈ ಕೈಸಾಲದ್ದೇ ಉದಾಹರಣೆ ಕೊಡಿ.

ಉಪಯುಕ್ತತಾವಾದ: ಸಂಬಂಧಪಟ್ಟ ಎಲ್ಲರ ಸುಖದುಃಖ ಕೂಡಿ ಕಳೆದು, ಹೆಚ್ಚು ಒಳಿತಾಗುವ ಕೃತ್ಯವೇ ಸರಿ ಎನ್ನುವ ವಾದ. ಬರೀ ನನ್ನ ಲಾಭ ನೋಡುವುದು ಇದಲ್ಲ, ಗೆಳೆಯನ ನೋವಿಗೂ ನಿಮ್ಮ ನೋವಿನಷ್ಟೇ ತೂಕ.

ನಿಯಮ ಉಪಯುಕ್ತತಾವಾದ: ಒಂದೊಂದು ಕೃತ್ಯದ ಬದಲು, ಎಲ್ಲರೂ ಪಾಲಿಸಿದರೆ ಹೆಚ್ಚು ಒಳಿತಾಗುವ ನಿಯಮವನ್ನು ಹುಡುಕುವುದು. ನಾನು ಕಾಂಟ್ ತಲೆಗೆ ಕಟ್ಟಿದ ಆ ವಾಕ್ಯದ ನಿಜವಾದ ಮನೆ ಇದು.

ನಿರುಪಾಧಿಕ ಆದೇಶ: "ಇಂಥದ್ದು ಬೇಕಿದ್ದರೆ" ಎಂಬ ಷರತ್ತಿಲ್ಲದೆ ಕಾಂಟ್ ಕೊಡುವ ಆದೇಶ. "ಮುಂದೆಯೂ ಸಾಲ ಸಿಗಬೇಕಿದ್ದರೆ ಸುಳ್ಳು ಹೇಳಬೇಡ" ಎನ್ನುವುದಕ್ಕೆ ಷರತ್ತಿದೆ, ಹಾಗಾಗಿ ಅದು ಸೋಪಾಧಿಕ.

ಸೂತ್ರ: ಏನು ಮಾಡುತ್ತೇನೆ, ಯಾವಾಗ, ಯಾತಕ್ಕೆ ಎಂಬ ನಿಮ್ಮ ಒಳಗಿನ ನಿಯಮ. "ಮಂಗಳವಾರ ನೀಲಿ ಶರ್ಟ್ ಹಾಕಿದ್ದಾಗ ಸುಳ್ಳು ಹೇಳುತ್ತೇನೆ" ಎಂದು ಕಿರಿದು ಮಾಡಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ನೀವು ಸುಳ್ಳು ಹೇಳುತ್ತಿರುವುದು ದುಡ್ಡಿಗಾಗಿ, ಶರ್ಟಿನ ಬಣ್ಣಕ್ಕಾಗಿ ಅಲ್ಲ.