ಟ್ರ್ಯಾಕ್ಟರ್ ಜಿಂಗಲ್ ಮಾಡೋರು ಇಂಜಿನ್ ಶಬ್ದಾನ ಮಾತಿನ ಕೆಳಗೆ ಹಾಸಬೇಡಿ

"ಶಿರಸಿಲಿ ಪರಿಚಯದೋರ ಟ್ರ್ಯಾಕ್ಟರ್ ಶೋರೂಮಿಗೆ ರೇಡಿಯೋ ಜಾಹೀರಾತು ಮಾಡ್ಬೇಕು, 20 ಸೆಕೆಂಡು. ಶುರುವಿಂದ ಕೊನೆತನಕ ಹಿಂದೆ ಟ್ರ್ಯಾಕ್ಟರ್ ಓಡೋ ಶಬ್ದ, ಅದ್ರ ಮೇಲೆ ಹಾಡು, ಕೊನೆಗೆ ಫೋನ್ ನಂಬರ್. ಹೆಂಗಿರ್ತದೆ?"

ತಮಾ, ಮೊದ್ಲು ಆ ಹಿಂದಿನ ಟ್ರ್ಯಾಕ್ಟರ್ ಶಬ್ದ ತೆಗಿ. ಇದೇ ತಪ್ಪು ನಾನು ಮಾಡಿ ಡೀಲರ್ ಮುಂದೆ ತಲೆ ತಗ್ಗಿಸಿ ಕೂತವ, ಅದ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ನಂದೂ 20 ಸೆಕೆಂಡಿಂದೇ ಆಗಿತ್ತು. ಬನವಾಸಿ ಕಡೆ ಗದ್ದೆ ಉಳುಮೆ ನಡೀವಾಗ ಹೋಗಿ ರೆಕಾರ್ಡ್ ಮಾಡ್ಕಂಡು ಬಂದಿದ್ದೆ, ಹೆಡ್‌ಫೋನಲ್ಲಿ ಕೇಳಿದ್ರೆ ಎದೆ ನಡುಗ್ತಿತ್ತು, ಡೀಲರೂ ಖುಷಿ. ಜೂನಲ್ಲಿ ರೇಡಿಯೋದಲ್ಲಿ ಬಂತು. ನಾನವತ್ತು ಅತ್ತೆಮನೇಲಿದ್ದೆ, ಅಡುಗೆಮನೆ ಮಾಡದಲ್ಲಿ ಅವ್ರ ಸಣ್ಣ ರೇಡಿಯೋ, ಹೊರಗೆ ತಗಡಿನ ಮೇಲೆ ಮಳೆ. ಜಾಹೀರಾತು ಶುರುವಾತು, ಬುಸ್ಸ್ ಅಂತು, ಅತ್ತೆ ಹಿಟ್ಟಿನ ಕೈ ಸೆರಗಿಗೆ ಒರೆಸ್ಕಂಡು ಎದ್ದು ಬಂದು "ಸ್ಟೇಷನ್ ಜಾರಿತು" ಅಂತ ಟ್ಯೂನಿಂಗ್ ತಿರುಗ್ಸಿದ್ರು. ವಾಪಸ್ ಸರಿ ಮಾಡೋದ್ರೊಳಗೆ ನನ್ನ ಜಾಹೀರಾತು ಮುಗಿದಿತ್ತು.

ಕಾರಣ ಏನಂದ್ರೆ, ಮೂರು ಸಿಲಿಂಡರಿನ ಇಂಜಿನ್ನು ಐಡಲ್‌ನಲ್ಲಿ 800 ಆರ್‌ಪಿಎಂ ಓಡಿದ್ರೆ ಸೆಕೆಂಡಿಗೆ 20 ಸಲ ಹೊಡೀತದೆ. ಅಷ್ಟು ತಗ್ಗಿನ ಗುಡುಗು ಸಣ್ಣ ರೇಡಿಯೋದ ಮೂರಿಂಚು ಸ್ಪೀಕರಿಗೆ, ಮೊಬೈಲಿಗೆ ಬರೋದೇ ಇಲ್ಲ. ಗುಡುಗು ಹೋಗಿ ಉಳಿಯೋದು ಮೇಲಿನ ಕರಕರ ಸಪ್ಪಳ ಮಾತ್ರ, ಅದು ಮಳೆಗೂ ಸ್ಟೇಷನ್ ಗರಗರಕ್ಕೂ ಒಂದೇ ಥರ ಕೇಳ್ತದೆ. ಅದ್ಕೇ ನಿನ್ನ ಪ್ರಶ್ನೆಗೆ ನನಗಿಂತ ಮೊದ್ಲು ಇಲ್ಲಿ ಉತ್ತರ ಬರೆದ ಕುಮಟಾದವ್ರು "ಬಾಸ್ ಜಾಸ್ತಿ ಕೊಡಿ, ಗತ್ತು ಬರ್ತದೆ" ಅಂದಿದ್ದು ಅರ್ಧ ಸರಿ. ಕಾರಲ್ಲಿ ಕೇಳೋರಿಗೆ ಗತ್ತು ಬರ್ತದೆ. ಮನೆ ರೇಡಿಯೋದಲ್ಲಿ ಆ ಬಾಸ್ ಕೇಳೋದೂ ಇಲ್ಲ, ಸುಮ್ನಿರೋದೂ ಇಲ್ಲ, ಜೋರು ಶಬ್ದಾನ ತನ್ನಷ್ಟಕ್ಕೇ ತಗ್ಗಿಸೋ ಸ್ಟೇಷನ್ನಿನ ಲಿಮಿಟರ್ ಅದನ್ನೇ ಜೋರು ಅಂತ ತಿಳಿದು ಇಡೀ ಜಾಹೀರಾತನ್ನ ಒತ್ತಿಬಿಡ್ತದೆ, ಜೊತೆಗೆ ಮಾತೂ ತಗ್ಗಿ ಹೋಗ್ತದೆ.

ಹಂಗಾದ್ರೆ ಟ್ರ್ಯಾಕ್ಟರ್ ಬೇಡ್ವಾ ಅಂದ್ರೆ ಬೇಕು, ಓಡೋ ಶಬ್ದ ಬೇಡ, ಸ್ಟಾರ್ಟ್ ಆಗೋ ಶಬ್ದ ಬೇಕು. ಕಿರ್ರ್‌ರ್, ಡಬ್! ಆ ಕಿರ್ರ್ ಅನ್ನೋದು ಎಂಥ ಸಣ್ಣ ಸ್ಪೀಕರಲ್ಲೂ ಬರ್ತದೆ, ಕೇಳಿದ ಯಾವ ರೈತನಿಗೂ ಅದೇನು ಅಂತ ಹೇಳ್ಬೇಕಾಗಿಲ್ಲ. ಮತ್ತೆ ಶಬ್ದಾನ ಮಾತಿನ ಕೆಳಗಲ್ಲ, ಮಾತು ನಿಂತ ಜಾಗದಲ್ಲಿ ಇಡು. ಯಕ್ಷಗಾನದಲ್ಲಿ ಭಾಗವತ್ರು ಪದ ನಿಲ್ಸಿದಲ್ಲಿ ಚೆಂಡೆ ಬೀಳ್ತದಲ್ಲ, ಹಂಗೆ.

ನಾನು ಎರಡನೇ ಸಲ ಮಾಡಿದ್ದು ಹಿಂಗೆ. ಎತ್ತಿನ ಕೊರಳ ಗಂಟೆ, ಕೆಸರಲ್ಲಿ ಎರಡು ಹೆಜ್ಜೆ, ಎರಡೂವರೆ ಸೆಕೆಂಡು. ವಯಸ್ಸಾದವ್ರ ದನಿ: "ಹೊತ್ತಾತಲ್ಲೋ, ಇನ್ನೂ ಅರ್ಧ ಗದ್ದೆ ಬಾಕಿ." ಮೂರು ಸೆಕೆಂಡು. ಹುಡುಗನ ದನಿ, ತಾಳಕ್ಕೆ ಸರಿಯಾಗಿ: "ಕೀಲಿ ತಿರುಗ್ಸು, ಗದ್ದೆಗ್ ಇಳಿಸು!" ತಕ್ಷಣ ಕಿರ್ರ್, ಡಬ್, ಇಂಜಿನ್ ಒಂದು ಉಸಿರಷ್ಟು ಕೇಳಿ ಮಾಯ. ಇಲ್ಲಿಗೆ 9 ಸೆಕೆಂಡು. "ಉಳೋಕೂ ಸೈ, ಗೊಬ್ಬರ ಹೊರೋಕೂ ಸೈ", ಮತ್ತೆ ಅದೇ "ಕೀಲಿ ತಿರುಗ್ಸು, ಗದ್ದೆಗ್ ಇಳಿಸು!" ಆಮೇಲೆ ನಾಕು ಸೆಕೆಂಡು ಅಂಗಡಿ ಹೆಸರು, ಜಾಗ. ಕೊನೆಗೆ ಹುಡುಗ "ಕೀಲಿ ತಿರುಗ್ಸು..." ಅಂತ ಅರ್ಧಕ್ಕೇ ಬಿಡ್ತಾನೆ, ಉತ್ತರಕ್ಕೆ ಬರೋದು ಬರೀ ಸ್ಟಾರ್ಟಿನ ಶಬ್ದ. ಉಳಿದರ್ಧ ಕೇಳೋನೇ ಬಾಯಲ್ಲಿ ಹೇಳ್ಕಳ್ತಾನೆ. ನಮ್ಮನೆ ಹತ್ರ ಶಾಲೆ ಮಕ್ಕಳು ವಾರದೊಳಗೆ ಸೈಕಲ್ ಹತ್ತುವಾಗ ಹೇಳೋಕೆ ಶುರು ಮಾಡಿದ್ರು.

ಸಾಲು ಹಾಡೇ ಆಗ್ಬೇಕು ಅಂತಿಲ್ಲ. ಎರಡು ತುಂಡು, ಎರಡೂ ಒಂದೇ ಉದ್ದ, ಕೊನೆ ಅಕ್ಷರ ಒಂದೇ ಇದ್ರೆ ಸಾಕು. ಬಯಲುಸೀಮೆ ಜಾಹೀರಾತು ಕೇಳಿ "ಹೊಲ" ಅಂತ ಬರೀಬೇಡ ಮಾರಾಯ, ನಮ್ಮಲ್ಲಿ ಗದ್ದೆ, ತೋಟ. ಸಿನಿಮಾ ಹಾಡಿನ ಧಾಟಿಗೆ ಮಾತು ಕೂರ್ಸೋದೂ ಬೇಡ, ಹಕ್ಕಿನ ತಕರಾರು ಬರ್ತದೆ.

ರೆಕಾರ್ಡಿಂಗ್ ಬಗ್ಗೆ. ಬೆಚ್ಚಗಿರೋ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸು. ತಣ್ಣಗಿರೋದು ಎರಡ್ಮೂರು ಸೆಕೆಂಡು ಎಳೆದು ಹತ್ತಿದ್ರೆ ಕೇಳಿದೋರು ಬ್ಯಾಟರಿ ಬಿದ್ದಿದೆ ಅಂತಾರೆ, ಡೀಲರ್ ಬಿಲ್ ಕೊಡೋದಿಲ್ಲ. ಒಂದು ಸೆಕೆಂಡಿನೊಳಗೆ ಹತ್ಬೇಕು. ಮತ್ತೆ ಅವ್ರ ಕಂಪನಿ ಗಾಡಿದೇ ಶಬ್ದ ಇರ್ಲಿ. ಹಳೆ ಐಷರ್ ಒಂದೇ ಸಿಲಿಂಡರಿಂದು ಡುಗ್ ಡುಗ್ ಅಂತ ಚಂದ ತಾಳ ಕೊಡ್ತದೆ, ನಂಗೂ ಆಸೆ ಆಗಿತ್ತು, ಆದ್ರೆ ಡ್ರೈವರ್‌ಗಳು ಕಣ್ಣು ಮುಚ್ಚಿ ಗಾಡಿ ಹೇಳ್ತಾರೆ, ಬೇರೆ ಕಂಪನಿ ಅಂಗಡಿಗೆ ಅದು ನಡೆಯೋದಿಲ್ಲ. ಸೈಲೆನ್ಸರ್ ಕಡೆ ನಿಲ್ಬೇಡ, ಸ್ಟಾರ್ಟರ್ ಮೋಟಾರ್ ಇರೋ ಬದಿಗೆ ಎರಡು ಮಾರು ದೂರ ನಿಂತ್ಕೋ. ಮೊಬೈಲ್ ತನ್ನಷ್ಟಕ್ಕೇ ಶಬ್ದ ಏರ್ಸಿ ಇಳ್ಸಿ ಮಾಡ್ತದೆ, ಡಬ್ ಅನ್ನೋ ಹೊತ್ತಿಗೆ ಸರೀಯಾಗಿ ತಗ್ಗಿಸಿಬಿಡ್ತದೆ. ನನ್ನ ಹತ್ರ ಇರೋದು ಝೂಮ್ ಕಂಪನಿ ಸಣ್ಣ ರೆಕಾರ್ಡರ್, ಅದ್ರಲ್ಲಿ ಲೆವೆಲ್ ಕೈಯಿಂದ ಇಡಬಹುದು, ಗಾಳಿಗೆ ಸ್ಪಂಜಿನ ಟೋಪಿ ಹಾಕು. ಸಾವಿರಾರು ಕೊಟ್ಟು ಸ್ಟುಡಿಯೋ ಮೈಕ್ ತಗಳೋದು ಈ ಕೆಲಸಕ್ಕೆ ದಂಡ.

ಆಮೇಲೆ ಕಂಪ್ಯೂಟರಲ್ಲಿ ಶಬ್ದ ತಿದ್ದೋ ಆಡಾಸಿಟಿಲಿ, ತಗ್ಗಿನ ಗುಡುಗು ಕತ್ತರಿಸೋಕೆ `High-Pass Filter` ಹಾಕಿ `Frequency` 150, `Roll-off` 12 ಇಡು. ಹೆಡ್‌ಫೋನಲ್ಲಿ ಬಡವಾಗಿ ಕೇಳ್ತದೆ, ಹೆದರ್ಬೇಡ. ಮೋನೋ ಮಾಡಿ, ಮೊಬೈಲಿನ ಒಂದೇ ಸ್ಪೀಕರಲ್ಲಿ ಹಚ್ಚಿ, ಅಡುಗೆಮನೆ ನಲ್ಲಿ ಬಿಟ್ಟು ಪಕ್ಕದ ಕೋಣೆಯಿಂದ ಕೇಳು. ಅಂಗಡಿ ಹೆಸರು ಗೊತ್ತಾಗ್ಲಿಲ್ಲ ಅಂದ್ರೆ ಆಗ್ಲಿಲ್ಲ, ಮತ್ತೆ ಮಾಡು. ಈ ಪರೀಕ್ಷೆ ಮಾಡದೇ ಕೊಡೋರನ್ನ ಕಂಡ್ರೆ ನಂಗೆ ಸಿಟ್ಟೇ ಬರ್ತದೆ, ದುಡ್ಡು ಡೀಲರಿಂದು ಹೋಗೋದು.

ಗಂಟೆ ಶಬ್ದಕ್ಕೆ ಗೆಜ್ಜೆ ಸಾಲು ಬೇಡ, ಪೂಜೆ ಗಂಟೆಯಂತೂ ಬೇಡವೇ ಬೇಡ, ಮಂಗಳಾರತಿ ಅಂದ್ಕಳ್ತಾರೆ. ದನದ ಕೊರಳಿಂದ ಒಂದೇ ಬಿಡಿ ಗಂಟೆ, ನಡಿಗೆ ಲಯಕ್ಕೆ. ಕೋಳಿ ಕೂಗು ಸಂಜೆ ಹೊತ್ತಿನ ಜಾಹೀರಾತಿಗೆ ಹೊಂದೋದಿಲ್ಲ.

ಫೋನ್ ನಂಬರ್ ಬಿಡು. ಹತ್ತು ಅಂಕೆ ಹೇಳೋಕೆ ಐದು ಸೆಕೆಂಡು ಬೇಕು, ಕೊಟ್ಟಿಗೇಲಿ ಹಾಲು ಕರೆಯೋನು ಬರ್ಕಳ್ಳೋದಿಲ್ಲ. "ಯಲ್ಲಾಪುರ ನಾಕಾ ಹತ್ರ" ಅಂದ್ರೆ ಎಲ್ಲರಿಗೂ ಗೊತ್ತು. ಅಂಗಡಿ ಹೆಸರು ಶುರುವಿಗೇ ಬರ್ಬೇಕು ಅಂತ ಕುಮಟಾದವ್ರು ಹೇಳ್ತಿರೋದನ್ನ ನಾನು ಮಾಡಿ ನೋಡಿಲ್ಲ, ಅವ್ರದ್ದು ಕಿರಾಣಿ ಅಂಗಡಿ ಅನುಭವ, ಇದಕ್ಕೆ ಹೊಂದ್ತದೋ ಇಲ್ವೋ. ಎರಡೂ ಥರ ಮಾಡಿ ಕೇಳ್ಸು.

 

ಇನ್ನೊಂದು, 20ರ ಜೊತೆಗೇ 10 ಸೆಕೆಂಡಿಂದೂ ಕತ್ತರಿಸಿಟ್ಕೋ, ಸಾಲು ಒಂದ್ಸಲ, ಸ್ಟಾರ್ಟ್, ಹೆಸರು, ಜಾಗ. ಜಾತ್ರೆ ಸೀಸನಲ್ಲಿ ಡೀಲರ್ ಅದನ್ನೇ ಕೇಳ್ತಾರೆ. ರೆಕಾರ್ಡ್ ಆದ್ಮೇಲೆ ಇಲ್ಲೇ ಹಾಕು, ನಾನು ಅತ್ತೆ ರೇಡಿಯೋ ಪಕ್ಕ ಇಟ್ಕಂಡು ಕೇಳ್ತೇನೆ.