ಹದಿಹರೆಯದ ಕೆರಟೋಕೋನಸ್ ಮತ್ತು ಕ್ರಾಸ್‌ಲಿಂಕಿಂಗ್

ಮಗನಿಗೆ 15 ವರ್ಷ, ಕೆರಟೋಕೋನಸ್ ಇದೆ. ಕನ್ನಡಕದ ನಂಬರ್ ಪದೇ ಪದೇ ಬದಲಾಗುವುದೇಕೆ? ಕ್ರಾಸ್‌ಲಿಂಕಿಂಗ್‌ನಿಂದ ನಿಲ್ಲುತ್ತದೆಯೇ?

ಕೆರಟೋಕೋನಸ್‌ನಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಕೊಲಾಜೆನ್ ಎಳೆಗಳ ಹಿಡಿತ ದುರ್ಬಲವಾಗಿರುವುದರಿಂದ ಅದು ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಉಬ್ಬು ಹೆಚ್ಚಿದಂತೆಲ್ಲ ಸಿಲಿಂಡರ್ ನಂಬರೂ ಅದರ ಕೋನವೂ ಬದಲಾಗುತ್ತವೆ. ವಯಸ್ಸಾದಂತೆ ಈ ಎಳೆಗಳು ತಾವಾಗಿಯೇ ಬಿಗಿಯಾಗುತ್ತವೆ, ಹದಿಹರೆಯದಲ್ಲಿ ಇನ್ನೂ ಆಗಿರುವುದಿಲ್ಲ. ಕಣ್ಣುಜ್ಜುವ ಅಭ್ಯಾಸವಿದ್ದರಂತೂ ರೋಗ ಇನ್ನಷ್ಟು ಬೇಗ ಬೆಳೆಯುತ್ತದೆ.

ಸಾಮಾನ್ಯ ವಿಧಾನದ ಕ್ರಾಸ್‌ಲಿಂಕಿಂಗ್‌ನಲ್ಲಿ ಕಾರ್ನಿಯಾದ ಮೇಲ್ಪದರ ತೆಗೆದು, ಅರ್ಧ ಗಂಟೆ ರೈಬೋಫ್ಲಾವಿನ್ ಎಂಬ ಬಿ2 ವಿಟಮಿನ್‌ನ ಹನಿ ಹಾಕಿ, ಬಳಿಕ ಅತಿನೇರಳೆ ಕಿರಣ ಹಾಯಿಸುತ್ತಾರೆ. ಆಗ ಎಳೆಗಳ ನಡುವೆ ಹೊಸ ರಾಸಾಯನಿಕ ಬಂಧಗಳು ಮೂಡಿ ಕಾರ್ನಿಯಾ ಗಟ್ಟಿಯಾಗುತ್ತದೆ. ಕಾರ್ನಿಯಾದ ಆಕಾರವನ್ನು ಅಳೆಯುವ ಟೋಪೋಗ್ರಫಿ ಪರೀಕ್ಷೆಯಲ್ಲಿ ಗರಿಷ್ಠ ವಕ್ರತೆ ಆರು ತಿಂಗಳಲ್ಲಿ 48ರಿಂದ 50 ಡಯಾಪ್ಟರ್‌ಗೆ ಏರಿದ್ದರೆ, ಚಿಕಿತ್ಸೆಯ ಗುರಿ ಅದನ್ನು 50ರ ಆಸುಪಾಸಿನಲ್ಲೇ ತಡೆಯುವುದು, 48ಕ್ಕೆ ಇಳಿಸುವುದಲ್ಲ. ಹೀಗಾಗಿ ಕನ್ನಡಕ ಅಥವಾ ಲೆನ್ಸ್ ಬೇಕೇ ಬೇಕು. ಕೆಲವು ಮಕ್ಕಳಲ್ಲಿ ರೋಗ ಮತ್ತೆ ಮುಂದುವರಿಯುವುದರಿಂದ ಟೋಪೋಗ್ರಫಿ ತಪಾಸಣೆಯನ್ನೂ ನಿಲ್ಲಿಸುವಂತಿಲ್ಲ.